ದಾವಣಗೆರೆಯ ಲೈಕುಗಳು

ಕೊಚ್ಚಿಯ ಕಾಕ್ಕನಾಡಿನ ನಮ್ಮ ಫ್ಲ್ಯಾಟಿನ ಕೆಳಗಿನ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ತರಗತಿ ನಡೆಯುತ್ತದೆ. ಕಲಿಸುವವರು ಕಾಸರಗೋಡಿನ ಶಾಲೆಯಿಂದ ನಿವೃತ್ತರಾಗಿ ಇಲ್ಲಿ ಮಗಳ ಮನೆಯಲ್ಲಿರುವ ಟೀಚರಕ್ಕ. ಚಾಪೆ ಹಾಸುವುದು, ಹಾಜರಿ ಕರೆಯುವುದು, ಕೊನೆಗೆ ಒಗ್ಗರಣೆ ಅವಲಕ್ಕಿ ಹಂಚುವುದು ನನ್ನ ಪಾಲಿನ ಕೆಲಸ. ಕಳೆದ ವರ್ಷ ಮಕ್ಕಳು ಆರಕ್ಕೆ ಇಳಿದರು. ಓಣಂ ಹೊತ್ತಿಗೆ ಹತ್ತಾದರೂ ಆಗದಿದ್ದರೆ ಆ ಹೊತ್ತನ್ನು ಝುಂಬಾ ಡಾನ್ಸಿನವರಿಗೆ ಕೊಡುತ್ತೇವೆಂದು ಫ್ಲ್ಯಾಟಿನ ಅಸೋಸಿಯೇಷನ್ ಹೇಳಿತು. ಅವರದ್ದೇನೂ ತಪ್ಪಿರಲಿಲ್ಲ.

ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಬ್ಯಾಂಕಿನ ಅಧಿಕಾರಿ, ಬೆಂಗಳೂರಿನವರು. ದಿನಕ್ಕೆ ನೂರು ರೂಪಾಯಿಯಂತೆ ಒಂದು ವಾರ ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಓಡಿಸೋಣ ಎಂದರು. ಹಳದಿ ಕೆಂಪು ಬಣ್ಣದ ಪೋಸ್ಟರ್, ಪೂರ್ತಿ ಕನ್ನಡ ಅಕ್ಷರ. ಎಲ್ಲಿ ತೋರಿಸಬೇಕು ಎಂದು ಫೋನು ಕೇಳಿದಾಗ ಕೇರಳದ ಜೊತೆ ಕರ್ನಾಟಕವನ್ನೂ ಸೇರಿಸಿದರು. ಕನ್ನಡಿಗರು ಇರುವುದು ಅಲ್ಲೇ ತಾನೆ ಎಂಬುದು ಅವರ ಲೆಕ್ಕ. ಗುರಿ ಎಂಬ ಕಡೆ, ಸಂಘದ ಪುಟಕ್ಕೆ ಹೆಚ್ಚು ಜನ ಬರಲಿ ಎಂಬುದನ್ನು ಒತ್ತಿದರು.

ಜನ ಬಂದರು. ಲೈಕುಗಳ ಮಳೆ. ಹುಬ್ಬಳ್ಳಿಯಿಂದ, ದಾವಣಗೆರೆಯಿಂದ ಜೈ ಕನ್ನಡಾಂಬೆ ಎಂಬ ಕಾಮೆಂಟುಗಳು. ಭಾನುವಾರ ನಾನು ಹೆಚ್ಚಿಗೆ ಹಾಸಿದ ಚಾಪೆಗಳನ್ನು ಹಾಗೆಯೇ ಸುತ್ತಿಟ್ಟೆ. ಒಂದು ಮಗುವೂ ಹೊಸದಾಗಿ ಬಂದಿರಲಿಲ್ಲ.

ಟೀಚರಕ್ಕ ಚಾಕ್‌ಪೀಸ್ ಡಬ್ಬಿ ಮುಚ್ಚುತ್ತ, "ದಾವಣಗೆರೆಯವರಿಗೆ ನಾನು ಕನ್ನಡ ಕಲಿಸ್ಬೇಕಾ ಎಂತ?" ಎಂದರು. ನಗಲಿಕ್ಕೆಂದೇ ಹೇಳಿದ್ದು. ಆದರೆ ಅವರಿಗೆ ಆ ಭಾನುವಾರ ಬಿಟ್ಟರೆ ಇಡೀ ವಾರ ಹೊರಗೆ ಹೋಗಲು ಬೇರೆ ನೆಪವಿಲ್ಲ ಎಂಬುದು ನನಗೆ ಗೊತ್ತಿತ್ತು.

ಅದಾದ ಮೇಲೆ ತಿರುವನಂತಪುರದಲ್ಲಿ ಕೇರಳದ ಕನ್ನಡ ಸಂಘಗಳ ಸಭೆ. ನಾನೂ ಕಾರ್ಯದರ್ಶಿಗಳೂ ರೈಲಿನಲ್ಲಿ ಹೋದೆವು. ಅಲ್ಲಿ ಕಾರ್ಯದರ್ಶಿಗಳು ಪರದೆಯ ಮೇಲೆ ಅದೇ ಜಾಹೀರಾತಿನ ಅಂಕಿಗಳನ್ನು ತೋರಿಸಿದರು. ಇಷ್ಟು ಸಾವಿರ ಜನ ನೋಡಿದರು, ಇಷ್ಟು ಜನ ಮೆಚ್ಚಿದರು. ಚಪ್ಪಾಳೆ ಬಿತ್ತು, ಶಾಲೂ ಬಂತು. ನನ್ನ ಮೈ ಉರಿಯಿತು.

ಊಟದ ಸಾಲಿನಲ್ಲಿ ಕೇಳಿಯೇಬಿಟ್ಟೆ. "ಮಕ್ಕಳು ಎಷ್ಟು ಬಂದರು ಮಾರಾಯರೇ? ಅದೊಂದು ಹೇಳಿ."

"ಮೇಡಂ, ಇದು ಅವೇರ್‌ನೆಸ್. ಇದಕ್ಕೆಲ್ಲ ಟೈಮ್ ಹಿಡಿಯುತ್ತೆ," ಎಂದು ಇಲ್ಲಿನವರಂತೆ ಪಾಯಸಕ್ಕೆ ಹಪ್ಪಳ ಪುಡಿಮಾಡಿಕೊಂಡರು.

"ಓಣಂಗೆ ಟೈಮ್ ಇಲ್ಲ. ಇನ್ನೊಂದು ವಾರಕ್ಕೆ ಅಷ್ಟೇ ದುಡ್ಡು ಕೊಡಿ, ನಾನು ಓಡಿಸ್ತೇನೆ."

ಸುತ್ತಲಿನವರು ತಿರುಗಿ ನೋಡಿದ್ದರಿಂದ ಅವರು ಒಪ್ಪಿದರು.

ಮೊದಲು ಹಳೆಯ ಜಾಹೀರಾತಿನ ಲೆಕ್ಕ ತೆರೆದೆ. ನೋಡಿದವರು ಯಾವ ಊರಿನವರು ಎಂದು ಅದರಲ್ಲಿಯೇ ಇತ್ತು. ಬಹುಪಾಲು ಕರ್ನಾಟಕ. ಕೊಚ್ಚಿಯದು ಒಂದು ಎಳೆಯಷ್ಟು ಗೆರೆ. ಯಾರೂ ಬೆರಳಾಡಿಸಿ ನೋಡಿರಲಿಲ್ಲ ಎಂದು ಸಿಟ್ಟು ಇನ್ನೂ ಹೆಚ್ಚಾಯಿತು. ಇಲ್ಲಿನ ಮಕ್ಕಳ ಅಪ್ಪ ಅಮ್ಮಂದಿರು ದಿನವಿಡೀ ಇಂಗ್ಲಿಷ್ ಓದುವವರು, ಕನ್ನಡ ಪೋಸ್ಟರನ್ನು ಓದದೆ ಸರಿಸಿಬಿಡುತ್ತಾರೆ. ಹಾಗಾಗಿ ನಿಮ್ಮ ಮಗು ಅಜ್ಜಿಯೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ, ಕೆಳಗೆ ಕನ್ನಡದಲ್ಲಿ ಒಂದು ಸಾಲು. ನಕ್ಷೆಯಲ್ಲಿ ನಮ್ಮ ಹಾಲ್‌ನ ಸುತ್ತ ಏಳೆಂಟು ಕಿಲೋಮೀಟರ್ ಮಾತ್ರ. ಗುರಿ: ಸಂದೇಶ ಬರಲಿ. ಇನ್ನೊಂದು ಕಟ್ಟುನಿಟ್ಟು ಮಾಡಿದೆ. ಆ ವಾರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಯಾರೂ ಕಳಿಸಬಾರದು. ಯಾವುದರಿಂದ ಯಾರು ಬಂದರೆಂದು ಗೊತ್ತಾಗದಿದ್ದರೆ ಮತ್ತೆ ಅದೇ ಚಪ್ಪಾಳೆ.

ಲೈಕು ಬೆರಳೆಣಿಕೆಯಷ್ಟು, ಅದರಲ್ಲಿ ಒಂದು ನನ್ನ ಯಜಮಾನರದ್ದು. ಕಾರ್ಯದರ್ಶಿಗಳು ಫೋನ್ ಮಾಡಿ ಸಂತಾಪ ಸೂಚಿಸಿದರು. ಆದರೆ ಸಂದೇಶಗಳು ಬಂದವು. ಪಾರ್ಕಿಂಗ್ ಇದೆಯೇ, ಮಗುವಿಗೆ ಕನ್ನಡ ಅರ್ಥವಾಗುತ್ತದೆ ಮಾತಾಡುವುದಿಲ್ಲ, ಕಳಿಸಿದರೆ ಆಗುತ್ತದೆಯೇ. ಒಂದೊಂದಕ್ಕೂ ಕುಕ್ಕರ್ ಕೂಗುವ ನಡುವೆ ಉತ್ತರ ಬರೆದೆ. ಅರ್ಧಕ್ಕರ್ಧ ಜನ ಆಮೇಲೆ ಸುಮ್ಮನಾದರು.

ಭಾನುವಾರ ನಾಲ್ಕು ಹೊಸ ಮಕ್ಕಳು. ಬಾಗಿಲಲ್ಲೇ ಪ್ರತಿಯೊಬ್ಬರನ್ನೂ ಕೇಳಿದೆ, ಹೇಗೆ ಗೊತ್ತಾಯಿತು ಎಂದು. ಮೂವರು ಜಾಹೀರಾತಿನಿಂದ. ನಾಲ್ಕನೆಯದು ಲಿಫ್ಟಿನಲ್ಲಿ ಟೀಚರಕ್ಕ ಮಾತಾಡಿಸಿ ಕರೆದುತಂದದ್ದು. ಅದನ್ನು ಜಾಹೀರಾತಿನ ಲೆಕ್ಕಕ್ಕೆ ಸೇರಿಸಲಿಲ್ಲ. ಹಾಲ್‌ನ ಲೆಕ್ಕಕ್ಕೆ ಮಾತ್ರ ಆರೂ ನಾಲ್ಕೂ ಸೇರಿ ಹತ್ತು. ಅಸೋಸಿಯೇಷನ್‌ನವರು ಬಂದು ತಲೆ ಎಣಿಸಿ, "ಶರಿ ಚೇಚಿ, ಸರಿ ಅಕ್ಕಾ, ಹಾಲ್ ನಿಮ್ಮದೇ," ಎಂದು ಹೋದರು.

ಮುಂದಿನ ವರದಿಯಲ್ಲಿ ಕಾರ್ಯದರ್ಶಿಗಳು ಬರೆದದ್ದು: ಮೊದಲ ಅಭಿಯಾನ ಮೂಡಿಸಿದ ಜಾಗೃತಿಯ ಫಲ ಎರಡನೆಯದರಲ್ಲಿ ಕಂಡಿತು. ನಾನು ಬಿಡಲಿಲ್ಲ. ಆ ಭಾನುವಾರ ಅವರನ್ನೇ ತರಗತಿಗೆ ಕರೆಸಿ, ಜಾಹೀರಾತಿನಿಂದ ಬಂದ ಮೂರೂ ಮನೆಯವರ ಮುಂದೆ ನಿಲ್ಲಿಸಿ, ಹಳದಿ ಕೆಂಪು ಪೋಸ್ಟರನ್ನು ನೋಡಿದ್ದಿರಾ ಎಂದು ಕಾರ್ಯದರ್ಶಿಗಳ ಬಾಯಿಂದಲೇ ಕೇಳಿಸಿದೆ. ಮೂವರೂ ಇಲ್ಲ ಎಂದರು.

ವರದಿಯ ಆ ಸಾಲು ಇನ್ನೂ ಹಾಗೆಯೇ ಇದೆ. ಚಾಪೆಗಳನ್ನು ಮಾತ್ರ ಈಗ ಸುತ್ತಿಡುವುದಿಲ್ಲ. ಊಟದ ಸಾಲಿನ ಮಾತು ನನ್ನಿಂದ ಕೇಳಿ ತಿಳಿದಿದ್ದ ಟೀಚರಕ್ಕ ಅಂದು ಕಾರ್ಯದರ್ಶಿಗಳಿಗೂ ಒಂದು ತಟ್ಟೆ ಅವಲಕ್ಕಿ ಕೊಡಿಸಿ, "ತಿನ್ನಿ ಸಾರ್. ಇದು ಜೀರ್ಣವಾಗಲಿಕ್ಕೂ ಟೈಮ್ ಹಿಡೀತದೆ," ಎಂದರು.