ನಡುವಿನ ನಾಲ್ಕು ಚೌಕಗಳು

ನಾನು ನಿಂತಿದ್ದು ಗಂಗಾವತಿಯ ಒಂದು ಪ್ರೌಢಶಾಲೆಯ ಕೋಣೆಯಲ್ಲಿ, ಕರಿಹಲಗೆಯ ಎಡಕ್ಕೆ, ಕಿಟಕಿಗೆ ಬೆನ್ನು ಮಾಡಿ. ಶನಿವಾರ. ಗಡಿಯಾರದಲ್ಲಿ ಹನ್ನೆರಡು ದಾಟಿ ಹತ್ತು ನಿಮಿಷ. ತಾಲ್ಲೂಕಿನ ಗಣಿತ ಸ್ಪರ್ಧೆಯ ಕೊನೆಯ ಸುತ್ತು ಆಗಷ್ಟೇ ಮುಗಿದಿತ್ತು. ಉಳಿದಿದ್ದವರು ಇಬ್ಬರು ಹುಡುಗಿಯರು. ಕೊಪ್ಪಳದ ಜಿಲ್ಲಾ ಸ್ಪರ್ಧೆಗೆ ಹೋಗುವವಳು ಒಬ್ಬಳೇ.

ಆ ಸುತ್ತಿನ ಲೆಕ್ಕ ರಚಿಸಿದವನು ಗಣಿತ ಮಾಸ್ತರನಾದ ನಾನು. ಕಟ್ಟಡಗಳ ಒಗಟು. ಅಡ್ಡ ನಾಲ್ಕು, ಉದ್ದ ನಾಲ್ಕು ಚೌಕ. ಪ್ರತಿ ಅಡ್ಡಸಾಲಿನಲ್ಲೂ, ಮೇಲಿಂದ ಕೆಳಗಿನ ಪ್ರತಿ ಕಂಬಸಾಲಿನಲ್ಲೂ ಒಂದರಿಂದ ನಾಲ್ಕು ಮಹಡಿಯವರೆಗಿನ ಕಟ್ಟಡಗಳು ಒಂದೊಂದು ಸಲ ಬರಬೇಕು. ಅಂಚಿನಲ್ಲಿ ಬರೆದ ಅಂಕಿ, ಅಲ್ಲಿ ನಿಂತು ನೋಡಿದರೆ ಎಷ್ಟು ಕಟ್ಟಡ ಕಾಣುತ್ತವೆ ಎಂಬುದನ್ನು ಹೇಳುತ್ತದೆ. ಎತ್ತರದ್ದು ಮುಂದಿದ್ದರೆ ಹಿಂದಿನ ಗಿಡ್ಡದ್ದು ಕಾಣುವುದಿಲ್ಲ. ಅಂಚಿನಲ್ಲಿ ಒಂದು ಎಂದಿದ್ದರೆ ಮೊದಲ ಚೌಕದಲ್ಲೇ ನಾಲ್ಕು ಮಹಡಿ ಇದೆ ಎಂದರ್ಥ.

ನಾನು ಮೊದಲು ಉತ್ತರವನ್ನು ತುಂಬಿಕೊಂಡು, ಆಮೇಲೆ ಸುತ್ತಲೂ ಎಣಿಸಿ ಹದಿನಾರು ಅಂಕಿ ಬರೆದಿದ್ದೆ. ಮೂಲೆಗಳಲ್ಲಿ ಒಂದು, ಎರಡು ಅದಲುಬದಲಾಗಬಹುದು ಎಂದು ಕಂಡು, ಮೇಲಿನ ಎಡಮೂಲೆಗೆ ಒಂದು ಎಂದು ಕೊಟ್ಟೂ ಇದ್ದೆ. ಅಷ್ಟಕ್ಕೇ ಬಿಟ್ಟೆ. ಉತ್ತರ ಮರೆತವನಂತೆ ಕೂತು ಅದನ್ನು ಬಿಡಿಸಿ ನೋಡಲಿಲ್ಲ.

ಶ್ರೀರಾಮನಗರದ ಹುಡುಗಿ ಹನ್ನೊಂದು ನಿಮಿಷಕ್ಕೆ ಹಾಳೆ ಕೊಟ್ಟಳು. ಗಂಗಾವತಿಯವಳು ಹದಿನಾಲ್ಕಕ್ಕೆ. ಇಬ್ಬರದೂ ಸರಿ ಇದ್ದರೆ ಮೊದಲು ಕೊಟ್ಟವಳು ಗೆದ್ದಂತೆ. ಹಿರಿಯ ಶಿಕ್ಷಕಿಯೊಬ್ಬರು ನಾನು ಉತ್ತರ ಬರೆದುಕೊಟ್ಟ ಟ್ರೇಸಿಂಗ್ ಕಾಗದವನ್ನು, ಅಂದರೆ ಕೀಯನ್ನು, ಹಾಳೆಗಳ ಮೇಲಿಟ್ಟು ನೋಡಿದರು. ನಮ್ಮಲ್ಲಿ ತಿದ್ದುವ ಪದ್ಧತಿ ಅದು. ಮೊದಲ ಹಾಳೆಯಲ್ಲಿ ನಟ್ಟನಡುವಿನ ನಾಲ್ಕು ಚೌಕ ಹೊಂದಲಿಲ್ಲ. ಕೆಂಪು ಗೆರೆ ಬಿತ್ತು. ಹೆಡ್‌ಮಾಸ್ತರರು ಗಂಗಾವತಿಯವಳು ಗೆದ್ದಳೆಂದು ಸಾರಿದರು.

ಸೋತವಳು ಕೂತಲ್ಲಿಂದ ಎದ್ದಳು.

“ಸರ, ಯಾವ ಕಡಿಂದ ನಿಂತು ನೋಡಿದ್ರ ನಂದು ತಪ್ಪು ಕಾಣ್ತೈತಿ, ತೋರಸ್ರಿ.”

ಹೆಡ್‌ಮಾಸ್ತರರು ನಕ್ಕರು. “ನಿಮ್ಮೂರಾಗ ನಾಕು ಮಹಡಿ ಮನಿ ಎಲ್ಲೈತವಾ? ನನಗ ಕಲಸಾಕ ಬಂದ್ಯಾ?”

“ಮನಿ ಇಲ್ರಿ, ರೈಸ್ ಮಿಲ್ ಐತ್ರಿ. ಅದರ ಹಿಂದ ನಮ್ಮನಿ ರೋಡಿಗೆ ಕಾಣಂಗಿಲ್ರಿ.”

ಶಿಕ್ಷಕಿ ಹಾಳೆಯನ್ನು ನನ್ನ ಕೈಗಿತ್ತರು. ಎರಡನೆಯ ಸಾಲು ನೋಡಿದೆ. ಎಡತುದಿಯ ಚೌಕದಲ್ಲಿ ನಾಲ್ಕು, ಬಲತುದಿಯದರಲ್ಲಿ ಮೂರು. ನಡುವೆ ನಾನು ಒಂದು, ಎರಡು ಎಂದು ಬರೆದಿದ್ದೆ. ಅವಳು ಎರಡು, ಒಂದು ಎಂದು ಬರೆದಿದ್ದಳು. ಎಡದಿಂದ ನಾಲ್ಕು ಎಲ್ಲವನ್ನೂ ಮುಚ್ಚುತ್ತದೆ, ಕಾಣುವುದು ಒಂದೇ. ಬಲದಿಂದ ಮೂರು, ಅದರಾಚೆ ನಾಲ್ಕು, ಕಾಣುವುದು ಎರಡು. ನಡುವಿನವು ಹೇಗಿದ್ದರೂ ಲೆಕ್ಕ ಅದೇ. ಮೂರನೆಯ ಸಾಲಿನಲ್ಲಿ ತುದಿಗಳು ತಿರುವುಮುರುವು, ಅಷ್ಟೇ ವ್ಯತ್ಯಾಸ. ನಡುವಿನ ಎರಡು ಕಂಬಸಾಲುಗಳಲ್ಲೂ ಮೇಲೆ ಕೆಳಗೆ ಮೂರು, ನಾಲ್ಕು ನಿಂತಿದ್ದವು. ನಾಲ್ಕೂ ದಿಕ್ಕಿನಿಂದ ಎಣಿಸಿದೆ. ಅವಳ ಉತ್ತರದಲ್ಲಿ ತಪ್ಪಿರಲಿಲ್ಲ. ನನ್ನ ಒಗಟಿಗೆ ಎರಡು ಉತ್ತರಗಳಿದ್ದವು.

ಇದು ತಿಳಿದ ಮೇಲೂ ನಾನು ಎರಡನೆಯ ಸಲ ಎಣಿಸುವ ನೆಪ ಮಾಡಿದೆ.

“ಕೀ ಅಂದ್ರ ಕೀ,” ಎಂದರು ಹೆಡ್‌ಮಾಸ್ತರರು. “ಗೆದ್ದಾಕಿಗೆ ಹೆಂಗ ಬಂತು ಮತ್ತ ಸರಿಯಾದದ್ದು?”

ಆಗ ಗೆದ್ದವಳು ಬಾಯಿ ಬಿಟ್ಟಳು. “ನನಗೂ ನಡುವ ನಾಕು ಬಗೀಹರೀಲಿಲ್ರಿ ಸರ. ಮೂರು ನಿಮಿಷ ಅದಕ್ಕ ಹೋತ್ರಿ. ಆಮ್ಯಾಲ ಎರಡರಾಗ ಯಾವುದೋ ಒಂದು ಹಾಕಿ ಕೊಟ್ನಿ. ನಸೀಬ್ ನಂದು, ಕೀ ಜೋಡಿ ಕೂಡ್ತು.”

ಶಿಕ್ಷಕಿ ನನ್ನ ಕಡೆ ತಿರುಗಿದರು. “ಮಾಸ್ತರ, ಲೆಕ್ಕ ನಿಮ್ದ ಐತ್ರಿ. ಹೇಳ್ರಿ.”

“ಎರಡೂ ಸರಿ ಅದಾವ್ರಿ,” ಎಂದೆ. “ತಪ್ಪು ನಂದು. ನಡುವ ಒಂದು ಅಂಕಿ ಕೊಡಬೇಕಿತ್ತು.”

ಎರಡೂ ಸರಿಯಾದ ಮೇಲೆ ಸಮಯವೇ ತೀರ್ಮಾನ. ಹೆಡ್‌ಮಾಸ್ತರರು ಪ್ರಮಾಣಪತ್ರದ ಹೆಸರನ್ನು ಹೊಡೆದುಹಾಕಿ ಇನ್ನೊಂದು ಬರೆದರು. ಶ್ರೀರಾಮನಗರದವಳು ಕೊಪ್ಪಳಕ್ಕೆ ಹೋದಳು. ಗಂಗಾವತಿಯವಳು ಚೀಲ ಹೆಗಲಿಗೇರಿಸಿಕೊಂಡು, “ಬರ್ತೀನ್ರಿ ಸರ” ಎಂದು ಎಲ್ಲರಿಗೂ ಹೇಳಿಯೇ ಹೊರಟಳು.

ಅಂದು ಸತ್ಯ ಹೇಳಿದರೆ ನಾನು ಕಳೆದುಕೊಳ್ಳುತ್ತಿದ್ದದ್ದು ಒಂದಿಷ್ಟು ಮಾನ. ಗಂಗಾವತಿಯವಳು ಕಳೆದುಕೊಳ್ಳುತ್ತಿದ್ದದ್ದು ಕೈಗೆ ಬಂದಿದ್ದ ಜಾಗ. ಮೊದಲು ಹೇಳಿದವಳು ಅವಳು. ಇಂದಿಗೂ ಒಗಟು ಮಾಡಿದಾಗ ಉತ್ತರದ ಹಾಳೆಯನ್ನು ಬೀರುವಿನಲ್ಲಿಟ್ಟು, ವಾರ ಬಿಟ್ಟು, ಖಾಲಿ ಚೌಕಗಳನ್ನು ನಾನೇ ಬಿಡಿಸುತ್ತೇನೆ.

ಆ ದಿನ ಇದನ್ನು ಕಂಡವರು ನನ್ನನ್ನು ಬಿಟ್ಟು ನಾಲ್ವರು. ಹೆಡ್‌ಮಾಸ್ತರರು ಈಗಿಲ್ಲ. ಶಿಕ್ಷಕಿ ನಿವೃತ್ತರಾಗಿ ಯಲಬುರ್ಗಾದಲ್ಲಿದ್ದಾರೆ. ಶ್ರೀರಾಮನಗರದವಳು ಕುಷ್ಟಗಿಯಲ್ಲಿ ಗಣಿತ ಕಲಿಸುತ್ತಾಳೆ. ಇನ್ನೊಬ್ಬಳು ಗಂಗಾವತಿಯಲ್ಲೇ ತಂದೆಯ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾಳೆ.