ಡಾಲರಿಗೆ ಹೋಗಿ ಬಂದ ಎರಡು ಲಕ್ಷ

ದಾಂಡೇಲಿ ಮಿಲ್ಲಿನಾಗ ಇಪ್ಪತ್ತೆಂಟು ವರ್ಷ ದುಡದೆ. ಇದ್ದದ್ದು ಮಿಲ್ಲಿನ ಕ್ವಾರ್ಟರ್ಸಿನಾಗ. ಲೈಟು, ನೀರು ಎಲ್ಲಾ ಪಗಾರದಾಗ ಮುರಕೊಂಡು, ಮುರಕೊಂಡದ್ದನ್ನ ಪಗಾರ ಚೀಟಿ ಮ್ಯಾಲೆ ಛಾಪಿಸಿ ಕೊಡ್ತಿದ್ರು. ಅದಕ್ಕ ನನ್ನ ತಲಿಯೊಳಗ ಒಂದು ನಂಬಿಕಿ ಗಟ್ಟಿ ಕೂತಿತ್ತು: ರೊಕ್ಕ ಮುರಕೊಳ್ಳವ್ರು ಹೇಳೇ ಮುರಕೋತಾರ. ಎಂಥಾ ಶಾಣ್ಯಾ ನಾನು!

ರಿಟೈರ್ ಆಗೂದಕ್ಕ ಒಂದು ವರ್ಷ ಇತ್ತು. ಜೋಡಿ ಕೆಲಸ ಮಾಡ್ತಿದ್ದ ಗೆಳೆಯ ಸೈಬರ್ ಕೆಫೆಯೊಳಗ ಕೂತು ಅಮೇರಿಕಾದ ಶೇರು ತೋರಿಸಿದ. ಅಲ್ಲಿನ ಶೇರು ಕಂಪನಿಯೊಳಗ ಖಾತೆ ತಗಿಯಾಕ ಒಂದು ಪೈಸೆ ಇಲ್ಲ ಅಂದ. ಹೆಂಡ್ತಿ ಹೇಳಿದ್ಲು, "ಪೋಸ್ಟಾಫೀಸಿನಾಗ ಇಡ್ರಿ. ಹಾಸಿಗಿ ಇದ್ದಷ್ಟು ಕಾಲು ಚಾಚೂಣು." ನಾ ಕೇಳ್ಲಿಲ್ಲ. ಎರಡು ಲಕ್ಷ ಕಳಿಸಿದೆ.

ನಮ್ಮೂರ ಬ್ಯಾಂಕಿನಾಗ ಪರದೇಶದ ವ್ಯವಹಾರ ಇರ್ಲಿಲ್ಲ, ಕಾಗದ ಹುಬ್ಬಳ್ಳಿಗೆ ಹೋದ್ವು. ಪೇಪರಿನಾಗ ಡಾಲರ್ ನಲವತ್ತಾರು ರೂಪಾಯಿ ಇತ್ತು. ಬ್ಯಾಂಕು ನನಗ ಮಾರಿದ್ದು ಅದಕ್ಕಿಂತ ಅರವತ್ತು ಪೈಸೆ ಹೆಚ್ಚಿಗೆ. ಮ್ಯಾಲೆ ಸಾವಿರ ರೂಪಾಯಿ ಕಮಿಷನ್ನು. ನಡುವ ಯಾವುದೋ ಬ್ಯಾಂಕು ಇಪ್ಪತ್ತು ಡಾಲರ್ ತಿಂತು, ಯಾಕ ಅಂತ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಮುಟ್ಟಿದ್ದು ನಾಕು ಸಾವಿರದ ಎರಡುನೂರಾ ಐವತ್ತು ಡಾಲರ್. ಇರಲಿ ಬಿಡು, ಬೆಳೀತೈತಿ ಅಂದ್ಕೊಂಡೆ.

ಬೆಳೀತು, ಸುಳ್ಳಲ್ಲ. ವರ್ಷದ ಮ್ಯಾಲೆ ನಾಕು ಸಾವಿರದ ಏಳುನೂರಾ ಇಪ್ಪತ್ತಾತು. ನಾ ಹಳೇ ನಲವತ್ತಾರರಿಂದ ಗುಣಿಸಿ, ಹದಿನೇಳು ಸಾವಿರ ಲಾಭ ಅಂತ ಹಿಗ್ಗಿದೆ.

ಆ ಹಿಗ್ಗಿನಾಗನ ಹಳಿಯಾಳದಾಗ ಮನಿ ನೋಡಿದ್ವಿ. ಕಿರಾಣಿ ಅಂಗಡಿ ಸಾವಕಾರರ ಮನಿ, ಎರಡು ಖೋಲಿ, ಹಿತ್ತಲದಾಗ ಒಂದು ನಿಂಬಿ ಗಿಡ. ಹೆಂಡ್ತಿ ಒಳಗ ಹೋಗಿ, ದೇವರ ಜಗಲಿ ಎಲ್ಲಿ ಇಡೂದು ಅಂತ ಜಾಗಾ ಗೊತ್ತು ಮಾಡಿಬಿಟ್ಲು. ಐವತ್ತು ಸಾವಿರ ಮುಂಗಡ, ಸಂಚಕಾರ ಅಂತ ಕೊಟ್ವಿ. ದೀಪಾವಳಿ ಪಾಡ್ಯಾದೊಳಗ ಉಳಿದದ್ದು ಕೊಡಬೇಕು, ಇಲ್ಲಂದ್ರ ಮನಿನೂ ಇಲ್ಲ, ಸಂಚಕಾರನೂ ಇಲ್ಲ. ನನ್ನ ಗ್ರಾಚ್ಯುಟಿಗೆ ಆ ಡಾಲರ್ ಕೂಡಿದ್ರ ಸರಿಗೆ ಸರಿ ಆಗತಿತ್ತು. ಅಷ್ಟೊತ್ತಿಗೆ ನಾ ರಿಟೈರ್ ಆಗಿ, ನಾವು ಕ್ವಾರ್ಟರ್ಸ್ ಬಿಟ್ಟು ಹಳಿಯಾಳದಾಗ ಬಾಡಿಗಿ ಮನಿ ಹಿಡಿದಿದ್ವಿ.

ಶೇರು ಮಾರಿ, ರೊಕ್ಕ ಕಳಿಸ್ರಿ ಅಂತ ಆ ಕಂಪನಿಗೆ ಬರದೆ. ರೊಕ್ಕ ಹಾಕುವಾಗ ಪಾಸ್‌ಪೋರ್ಟ್ ಒಂದೇ ಸಾಕಾಗಿತ್ತು. ತಗಿಯುವಾಗ ಹೊಸಾದೊಂದು ಕೇಳಿದ್ರು: ವಿಳಾಸದ ಪುರಾವೆಗೆ ನಿಮ್ಮ ಹೆಸರಿನ ಲೈಟ್ ಬಿಲ್ಲು ಕಳಿಸ್ರಿ.

ಅಯ್ಯ ಶಿವನ! ನನ್ನ ಜನ್ಮದಾಗ ನನ್ನ ಹೆಸರಿಗೆ ಲೈಟ್ ಬಿಲ್ಲು ಬಂದಿದ್ದಿಲ್ಲ. ಪಗಾರ ಚೀಟಿ ಕಳಿಸಿದೆ, ನಡಿಯೂದಿಲ್ಲ ಅಂದ್ರು. ಮಿಲ್ಲಿನ ಆಫೀಸಿಗೆ ಹೋದ್ರ, "ನೀವೀಗ ಇಲ್ಲಿ ಇಲ್ಲಲ್ರಿ, ಇದ್ದೀರಿ ಅಂತ ಹೆಂಗ ಬರದು ಕೊಡೂಣು?" ಅಂದ್ರು. ಬಾಡಿಗಿ ಮನಿ ಬಿಲ್ಲು ಮಾಲಕನ ಹೆಸರಿಗೆ. ಬ್ಯಾಂಕಿನ ಪಾಸ್‌ಬುಕ್ಕಿನಾಗ ಕ್ವಾರ್ಟರ್ಸಿನ ವಿಳಾಸ. ಅದನ್ನ ಬದಲಿ ಮಾಡಾಕ ಬ್ಯಾಂಕಿನವ್ರೂ ವಿಳಾಸದ ಪುರಾವೆ ಬೇಕು ಅಂದ್ರು. ಕಡೀಕ ಛಾಪಾ ಕಾಗದದ ಮ್ಯಾಲೆ ಬಾಡಿಗಿ ಕರಾರು ಮಾಡಿಸಿ, ನೋಟರಿ ಸಹಿ ಹಾಕಿಸಿ, ಬ್ಯಾಂಕ್ ಮ್ಯಾನೇಜರಿಂದ ಪತ್ರ ತಗೊಂಡು ಕಳಿಸಿದೆ. ಒಂದೊಂದು ಉತ್ತರಕ್ಕ ಎಂಟು ದಿನ, ಹತ್ತು ದಿನ. ಆರು ವಾರ ಹೋತು. ಡಾಲರ್ ದಿನಾ ಇಳೀತಿತ್ತು. ಮುಂಜಾನೆ ಪೇಪರ್ ಬಿಚ್ಚಾಕ ಅಂಜಿಕಿ ಬರ್ತಿತ್ತು.

ಸಾವಕಾರರ ಅಂಗಡಿಗೆ ಹೋಗಿ, ಇನ್ನೂ ಹದಿನೈದು ದಿನ ತಡೀರಿ ಅಂತ ಕೇಳಿದೆ. ಅವರು ತಕ್ಕಡಿ ಕೆಳಗಿಟ್ಟು, "ನೀವು ಸುಳ್ಳು ಹೇಳವ್ರಲ್ಲ, ಗೊತ್ತೈತ್ರಿ. ಆದ್ರ ಪಾಡ್ಯಾಕ್ಕ ರೊಕ್ಕ ಕೊಡ್ತೀನಿ ಅಂತ ನಾನೂ ಬ್ಯಾರೆ ಕಡೆ ಮಾತು ಕೊಟ್ಟೇನಿ" ಅಂದ್ರು. ಪಾಡ್ಯಾ ದಾಟ್ತು, ಮನಿ ಕೈ ತಪ್ತು. ಸಂಚಕಾರದಾಗ ಅರ್ಧ ತಿರುಗಿ ಕೊಟ್ರು. ಅದು ಅವರ ದೊಡ್ಡತನ. ನನಗ ನಾಚಿಕಿ ಆತು.

ಹಬ್ಬ ಮುಗಿದು ನಾಕು ದಿನಕ್ಕ ರೊಕ್ಕ ಬಂತು. ಕಂಪನಿಗೆ ರೊಕ್ಕ ತಗಿಯೂ ಫೀ ನಲವತ್ತೈದು ಡಾಲರ್, ನಡುವಿನ ಬ್ಯಾಂಕಿಗೆ ಮತ್ತ ಇಪ್ಪತ್ತು. ಬ್ಯಾಂಕು ಡಾಲರಿಗೆ ಮೂವತ್ತೊಂಬತ್ತರ ಮ್ಯಾಲೆ ಇಪ್ಪತ್ತು ಪೈಸೆ ಹಾಕ್ತು. ಕೈಗೆ ಬಂದದ್ದು ಒಂದು ಲಕ್ಷದ ಎಂಬತ್ತೆರಡು ಸಾವಿರ. ಕಂಪ್ಯೂಟರಿನಾಗ ಮಾತ್ರ ಇನ್ನೂ ಹಸಿರು ಅಕ್ಷರದಾಗ ಲಾಭ, ನೂರಕ್ಕ ಹನ್ನೊಂದು ಅಂತಿತ್ತು.

ಹೆಂಡ್ತಿಗೆ ಹೇಳಿದೆ. ಆಕಿ ಬೈಲಿಲ್ಲ, ಬೈದಿದ್ರ ಚಲೋ ಇತ್ತು. "ಹಂಗಾದ್ರ ನಾವು ಬಾಡಿಗಿ ಮನ್ಯಾಗ ಸಾಯೂದು ಅನ್ರಿ" ಅಂದು ಜೋಳ ಹಸನ ಮಾಡಾಕ ಕೂತ್ಲು.

ಅದಾದ ಮೂರನೇ ವರ್ಷ ದವಾಖಾನಿಯಿಂದ ಆಕಿ ಹೆಣ ತಂದ್ವಿ. ಮನಿ ಮಾಲಕ ಕೆಟ್ಟವನಲ್ಲ. ಬಾಗಿಲದಾಗ ನಿಂತು ಕೈ ಮುಗದ. "ತಪ್ಪು ತಿಳ್ಕೋಬ್ಯಾಡ್ರಿ, ಒಳಗ ಬ್ಯಾಡ. ಮುಂದ ಯಾರೂ ಬಾಡಿಗಿಗೆ ಬರೂದಿಲ್ಲ." ಕಡೇ ಪೂಜಾಕ್ಕ ಮನಿಯೊಳಗ ಕೂಡಿಸಬೇಕಾದ ಆಕಿನ್ನ ಬೀದ್ಯಾಗ ಬೇವಿನ ಗಿಡದ ಕೆಳಗ ಕೂಡಿಸಿದ್ವಿ.