ಬೆನ್ನು ತಿರುಗಿಸಿದ ವೀರ

ತಿರುಪ್ಪೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಕ್ಕ ಬನಿಯನ್ ಕಂಪನಿಗಳಿಗೆ ಸ್ಯಾಂಪಲ್ ಹೊಲಿಯುತ್ತಾಳೆ. ಯಾವಾಗಲೂ ಬೇರೆಯವರ ಡಿಸೈನೇ. ಆ ಸಲ ಮಾತ್ರ ಒಬ್ಬ ಏಜೆಂಟ್ ಮಕ್ಕಳ ಟೀ ಶರ್ಟಿಗೆ ಹೊಸ ವೀರನೊಬ್ಬ ಬೇಕು, ನೀವೇ ಮಾಡಿ ತೋರಿಸಿ ಅಂದಿದ್ದರು. ಸಂಜೆ ಬಂದು ನೋಡುತ್ತಾರೆ. ಹಿಡಿಸಿದರೆ ಅಕ್ಕನ ಮೊದಲ ಸ್ವಂತ ಡಿಸೈನ್. ಹಿಡಿಸದಿದ್ದರೆ ಮತ್ತೆ ಬೇರೆಯವರ ಡಿಸೈನೇ.

ವೀರನನ್ನು ಮಾಡುವ ಕೆಲಸ ನನ್ನದು. ಯಾರೂ ಕಲಿಸಿದ್ದಲ್ಲ. ಫೋನಿನಲ್ಲಿ ಮಾತು ಟೈಪ್ ಮಾಡಿದರೆ ಚಿತ್ರ ಬರುವ ಆ್ಯಪ್ ಸಿಕ್ಕಾಗಿನಿಂದ ನಾನು ಅದರಲ್ಲೇ ಬಿದ್ದಿದ್ದೆ. ಒಂದು ಚಂದದ ಚಿತ್ರ ತೆಗೆಯುವುದು ಸುಲಭ. ಆದರೆ ಮಗು ಹಾಕುವ ಶರ್ಟೇ ವೀರನ ಉಡುಪು, ಅದಕ್ಕೆ ಮುಂದೂ ಇದೆ, ಹಿಂದೂ ಇದೆ. ಅದಕ್ಕೇ ಟರ್ನ್‌ಅರೌಂಡ್ ಶೀಟ್ ಬೇಕು: ಒಬ್ಬನೇ ವೀರ, ಒಂದೇ ಹಾಳೆಯಲ್ಲಿ ಎದುರಿನಿಂದ, ಪಕ್ಕದಿಂದ, ಬೆನ್ನಿನಿಂದ. ನಾನು ಇಂಗ್ಲಿಷಿನಲ್ಲಿ ಬರೆದೆ: ಅದೇ ವ್ಯಕ್ತಿ ಮೂರು ಸಲ, ತಲೆಯಿಂದ ಕಾಲಿನವರೆಗೆ, ಒಂದೇ ಎತ್ತರ, ಕೈ ದೇಹದಿಂದ ಸ್ವಲ್ಪ ದೂರ, ಬಿಳಿ ಹಿನ್ನೆಲೆ, ನೆರಳು ಬೇಡ. ವೀರ ನೇಕಾರ. ಎಡ ಭುಜದಿಂದ ಬಲ ಸೊಂಟಕ್ಕೆ ಇಳಿಯುವ ಕೆಂಪು ಪಟ್ಟಿ, ಬಲ ಸೊಂಟದಲ್ಲಿ ನೇಯುವ ಲಾಳಿ ಇಟ್ಟ ಸಣ್ಣ ಚೀಲ.

ಬಂದ ಚಿತ್ರ ನೋಡಿ ಕುಣಿದಾಡುವಷ್ಟು ಖುಷಿಯಾಯಿತು. ಅಕ್ಕ ಅದನ್ನು ಪಕ್ಕದಲ್ಲಿಟ್ಟುಕೊಂಡು ಶರ್ಟಿನ ಮುಂಭಾಗಕ್ಕೆ ಕೆಂಪು ಪಟ್ಟಿ ಹೊಲಿದಳು, ಹಿಂಭಾಗಕ್ಕೂ ಹೊಲಿದಳು. ಆಮೇಲೆ ಎರಡನ್ನೂ ಸೇರಿಸಿ ಭುಜ ಜೋಡಿಸಲು ಹಿಡಿದವಳು ನಮ್ಮ ಮನೆಯ ತಮಿಳು ಬೆರೆತ ಮಾತಿನಲ್ಲಿ ನನ್ನನ್ನು ಕರೆದಳು.

"ತಂಬಿ, ಇಲ್ಲಿ ಬಾ. ಇವನ ಪಟ್ಟಿ ಭುಜದ ಮೇಲೆ ಎಲ್ಲೋಯ್ತು?"

ಮುಂದಿನ ಪಟ್ಟಿ ಎಡ ಭುಜಕ್ಕೆ ಬಂದು ನಿಂತಿತ್ತು. ಹಿಂದಿನದು ಬಲ ಭುಜದಿಂದ ಹೊರಟಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲ. ಶೀಟ್ ನೋಡಿದರೆ ಮುಂದಿನ ಓರೆಯನ್ನೇ ಆ್ಯಪ್ ಬೆನ್ನಿಗೂ ಹಾಗೇ ಎಳೆದಿತ್ತು. ಮನುಷ್ಯ ತಿರುಗಿದಾಗ ನಮ್ಮ ಕಣ್ಣಿಗೆ ಅದು ಉಲ್ಟಾ ಕಾಣಬೇಕು ಅನ್ನುವುದು ಅದಕ್ಕೂ ಹೊಳೆದಿಲ್ಲ, ನನಗೂ ಹೊಳೆದಿಲ್ಲ.

ಬಾಗಿಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಚಿಕ್ಕಪ್ಪ ಶರ್ಟನ್ನು ಎತ್ತಿ ತಿರುಗಿಸಿದರು.

"ಲೇ, ಜನಿವಾರ ಎಡಕ್ಕಿದ್ರೆ ನಲ್ಲ ಕೆಲ್ಸ, ಶುಭಕಾರ್ಯ; ಬಲಕ್ಕಿದ್ರೆ ತಿಥಿ ಕೆಲ್ಸ. ನಿನ್ ಹೀರೋ ಮುಂದ್ಗಡೆ ಮದುವೆ ಮನೆಗೋಗವ್ನೆ, ಹಿಂದ್ಗಡೆ ಪಿಂಡ ಇಡ್ತಾವ್ನೆ!"

"ಚಿಕ್ಕಪ್ಪ, ಸುಮ್ನಿರು ಸಾಮಿ. ಏಜೆಂಟ್ ಬರೋ ಟೈಮು," ಅಂದಳು ಅಕ್ಕ. ಆದರೂ ನಗು ತಡೆಯಲಿಲ್ಲ. ನಗುತ್ತಲೇ ಹಿಂದಿನ ಪಟ್ಟಿಯ ಹೊಲಿಗೆ ಬಿಚ್ಚತೊಡಗಿದಳು.

ಶರ್ಟ್ ಅವಳು ಸರಿಮಾಡಬಲ್ಲಳು. ಆದರೆ ಶರ್ಟಿನ ಜೊತೆ ಶೀಟೂ ಹೋಗಬೇಕು. ಕಂಪನಿಯಲ್ಲಿ ಬಟ್ಟೆಗೆ ಪ್ರಿಂಟ್ ಮಾಡುವವರು ಅದನ್ನು ನೋಡಿಯೇ ಮಾಡುತ್ತಾರೆ. ನಾನು ಆ್ಯಪಿಗೆ ಬರೆದುಕೊಟ್ಟಿದ್ದ ಪ್ರಾಂಪ್ಟ್ ಬದಲಿಸಿದೆ. ಅವನ ಎಡ, ಅವನ ಬಲ ಅನ್ನುವುದನ್ನು ಬಿಟ್ಟು, ನೋಡುವವರ ಕಡೆಯಿಂದ ಹೇಳಿದೆ: ಎದುರಿನ ಚಿತ್ರದಲ್ಲಿ ಪಟ್ಟಿ ಬಲ ಮೇಲಿಂದ ಎಡ ಕೆಳಕ್ಕೆ, ಬೆನ್ನಿನ ಚಿತ್ರದಲ್ಲಿ ಎಡ ಮೇಲಿಂದ ಬಲ ಕೆಳಕ್ಕೆ. ಬೆನ್ನಿನ ಪಟ್ಟಿ ಸರಿಯಾಯಿತು, ಮುಖ ಬೇರೆಯಾಯಿತು. ಇನ್ನೊಮ್ಮೆ ಕೊಟ್ಟರೆ ಎರಡು ಪಟ್ಟಿ ಬಂದವು.

ಕೊನೆಗೆ ಮೊದಲಿನ ಶೀಟಿನಲ್ಲಿ ಬೆನ್ನಿನ ಚಿತ್ರವನ್ನಷ್ಟೇ ಕತ್ತರಿಸಿ ಕನ್ನಡಿಯ ಹಾಗೆ ತಿರುಗಿಸಿದೆ. ಪಟ್ಟಿ ಎಡ ಭುಜಕ್ಕೆ ಬಂತು. ಆದರೆ ಬಲ ಸೊಂಟದ ಚೀಲವೂ ಅದರ ಜೊತೆ ಎಡಕ್ಕೆ ಹೋಯಿತು.

"ಚೀಲ ತೆಗ್ದುಬಿಡು," ಅಂದಳು ಅಕ್ಕ, ತಲೆಯೆತ್ತದೆ.

"ಅಕ್ಕ, ಅದ್ರಲ್ಲಿ ಲಾಳಿ ಐತೆ. ಅದಿಲ್ದಿದ್ರೆ ಇವ್ನು ನೇಕಾರ ಅಂತ ಯಾರ್ಗ್ ಗೊತ್ತಾಯ್ತದೆ?"

"ಶರ್ಟ್ ಹಾಕ್ಕೊಳೋ ಮಗೂಗೆ ಅದೆಲ್ಲಾ ಯಾಕ್, ನನ್ ಕಣ್ಣು? ಸೀಕ್ರಂ ಮಾಡು, ಹೊತ್ತಾಯ್ತು."

ನನಗೆ ಆ ಚೀಲವೇ ಇಷ್ಟ. ಆದರೂ ಎದುರಿನ, ಪಕ್ಕದ, ಬೆನ್ನಿನ ಮೂರೂ ಚಿತ್ರಗಳಲ್ಲಿ ಅದನ್ನು ಅಳಿಸಿದೆ. ಅಳಿಸಿದ ಜಾಗ ನೋಡಿದರೆ ಅಲ್ಲೇನೋ ಇತ್ತೆಂದು ಗೊತ್ತೇ ಆಗುತ್ತಿರಲಿಲ್ಲ. ಪ್ರಿಂಟ್ ತೆಗೆಸಿಕೊಂಡು ಬರುವಷ್ಟರಲ್ಲಿ ಅಕ್ಕ ಭುಜ ಜೋಡಿಸಿ ಮುಗಿಸಿದ್ದಳು.

ಏಜೆಂಟ್ ಬಂದರು. ಶರ್ಟನ್ನು ಹಿಡಿದು ಭುಜದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಪಟ್ಟಿ ಎಲ್ಲೂ ತಪ್ಪದೆ ಮುಂದಿನಿಂದ ಹಿಂದಕ್ಕೆ ಹೋಗಿತ್ತು. ಶೀಟಿನ ಪಕ್ಕ ಇಟ್ಟು ಒಮ್ಮೆ ತಿರುಗಿಸಿ ನೋಡಿದರು.

"ಇವನು ಯಾರು?" ತಮಿಳಿನಲ್ಲಿ ಕೇಳಿದರು.

ನಾನು ನೇಕಾರ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ, "ನಮ್ಮವನು," ಅಂದಳು.

ಅವರು ತಲೆಯಾಡಿಸಿ, ಇನ್ನೆರಡು ಅಳತೆಯಲ್ಲೂ ಹೊಲಿದು ಕೊಡಿ ಅಂದರು. ಅವರ ಗಾಡಿ ಬೀದಿ ತಿರುಗುವ ಮೊದಲೇ ಅಕ್ಕ ಮೇಜಿನ ಮೇಲೆ ಬಟ್ಟೆ ಹರಡಿ, ನನ್ನತ್ತ ಕತ್ತರಿ ಚಾಚಿ, "ಹಿಡ್ಕೊ ತಂಬಿ, ಬೆನ್ನಿಂದ ಶುರು ಮಾಡಾಣ," ಅಂದಳು.